ಬಾಟಲಿಯ ಭುಜದ ಮೇಲಿನ ಸಹಿ

ಈ ಕೆಳಗೆ ಬರೆದಿರುವ ಸಂಗತಿಗಳೆಲ್ಲ ನಾನು ಕಣ್ಣಾರೆ ಕಂಡವು ಎಂದು ಮೊದಲಿಗೇ ಸ್ಪಷ್ಟಪಡಿಸುತ್ತೇನೆ. ಇದುವರೆಗೆ ನಾನು ಬರೆದದ್ದು ವರದಿ, ತಿಳಿವಳಿಕೆ ಪತ್ರ ಮತ್ತು ರಜೆಯ ಅರ್ಜಿ ಮಾತ್ರ. ಆದ್ದರಿಂದ ಬರವಣಿಗೆಯಲ್ಲಿ ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ಸಂಗತಿಯಲ್ಲಿ ಆದ ಲೋಪವನ್ನು ಮನ್ನಿಸಿರೆಂದು ಕೇಳುವ ಧೈರ್ಯ ನನಗಿಲ್ಲ.

ನಾನು ರೈತ ಸಂಪರ್ಕ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತೇನೆ. ಹಿಂದಿನ ವರ್ಷ ಮುಂಡರಗಿ ತಾಲ್ಲೂಕಿನಲ್ಲಿದ್ದೆ. ಈ ವರ್ಷ ಗದಗಿಗೆ ಹಾಕಿದ್ದಾರೆ. ನನ್ನ ಕೆಲಸಗಳಲ್ಲಿ ಒಂದು, ಜಿಲ್ಲೆಯ ರೈತರು ಮೊಬೈಲಿನಲ್ಲಿ ಕಳುಹಿಸುವ ಫೋಟೋಗಳನ್ನು ನೋಡಿ, ಅವರು ಕೊಂಡ ಔಷಧ, ಗೊಬ್ಬರ, ಬೀಜದ ಚೀಲಗಳು ಮೇಲ್ನೋಟಕ್ಕೆ ಸರಿಯಾಗಿವೆಯೇ ಎಂದು ತಿಳಿಸುವುದು. ಗೊಬ್ಬರದ ಚೀಲವಾದರೆ ಬಾಯಿಯ ಹೊಲಿಗೆಯನ್ನು ನೋಡುತ್ತೇನೆ: ಯಂತ್ರದ ಹೊಲಿಗೆಯಾಗಿರಬೇಕು, ಕೈಹೊಲಿಗೆಯಾಗಿದ್ದರೆ ಸೀಸದ ಮುದ್ರೆ ಇರಬೇಕು. ಕೀಟನಾಶಕವಾದರೆ ನೋಂದಣಿ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ವಿಷದ ತೀವ್ರತೆ ಸೂಚಿಸುವ ಬಣ್ಣದ ತ್ರಿಕೋನ. ಬ್ಯಾಚ್ ಮತ್ತು ದಿನಾಂಕಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಬಾಟಲಿ ತುಂಬುವಾಗ ಬೇರೆಯಾಗಿ ಒತ್ತಿರುತ್ತಾರೆ. ಅವು ಲೇಬಲಿನ ಉಳಿದ ಅಕ್ಷರಗಳ ಜೊತೆಗೇ ಒಂದೇ ಬಣ್ಣದಲ್ಲಿ ಅಚ್ಚಾಗಿದ್ದರೆ ಅನುಮಾನಿಸಬೇಕು. ಬೀಜವಾದರೆ ಚೀಲಕ್ಕೆ ಹೊಲಿದ ಟ್ಯಾಗು. ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ಫೋಟೋದಲ್ಲಿ ಕಾಣುವುದನ್ನು ಮಾತ್ರ ನೋಡಬಹುದು ಎಂಬ ಸರಳ ಸಂಗತಿ ಬಾಯಿಪಾಠವಾಗಿರಲಿಲ್ಲ.

ಮುಂಡರಗಿಯಲ್ಲಿದ್ದಾಗ ನಾನು ಒಂದು ರೂಢಿಯನ್ನು ಆರಂಭಿಸಿದ್ದೆ. ಹಳ್ಳಿಗಳಿಗೆ ಹೋದಾಗ ರೈತರು ಬಾಟಲಿಗಳನ್ನು ಹಿಡಿದು ಬರುತ್ತಿದ್ದರು. ನೋಡಿದ ಬಾಟಲಿಯನ್ನೇ ಪಕ್ಕದವರು ಮತ್ತೆ ತಂದು ತೋರಿಸುತ್ತಿದ್ದರಿಂದ, ನೋಡಿದ್ದಾಯಿತು ಎಂಬ ಗುರುತಿಗೆ ಬಾಟಲಿಯ ಭುಜದ ಮೇಲೆ, ಅಂದರೆ ಕತ್ತಿನ ಕೆಳಗೆ ಅಗಲವಾಗುವಲ್ಲಿ, ಅಳಿಸಲಾಗದ ನೀಲಿ ಪೆನ್ನಿನಿಂದ ಒಂದು ಗೀಟು, ನನ್ನ ಹೆಸರಿನ ಎರಡು ಅಕ್ಷರ ಮತ್ತು ದಿನಾಂಕವನ್ನು ಹಾಕುತ್ತಿದ್ದೆ. ಹೀಗೆ ಮಾಡಲು ಯಾರೂ ಆದೇಶಿಸಿರಲಿಲ್ಲ. ಆದರೆ ಜನರಿಗೆ ಅದು ಹಿಡಿಸಿತು. ಗುರುತು ಹಾಕದೆ ಕೊಟ್ಟರೆ ಬೇಸರಪಡುತ್ತಿದ್ದರು. ನನಗೂ ಹಿಡಿಸಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಈ ವರ್ಷ ಮೆಣಸಿನಕಾಯಿ ಹೂವಾಡುವ ಹೊತ್ತಿಗೆ ಒಂದು ಸೋಮವಾರ, ಹರ್ತಿಯ ರೈತ ಮಹಿಳೆಯೊಬ್ಬರು ಫೋಟೋ ಕಳುಹಿಸಿದರು. ಎರಡು ಎಕರೆ ಮೆಣಸಿನಕಾಯಿ, ನುಸಿಯ ಬಾಧೆ, ಎರಡು ಬಾಟಲಿ ಔಷಧ. ಅವರ ಧ್ವನಿ ಸಂದೇಶವೂ ಇತ್ತು: "ಸಾಹೇಬ್ರ, ಇದು ಖರೇದ ಐತೇನ್ ನೋಡ್ರಿ. ಈ ಸಲ ಗಿಡಾ ಭಾಳ ಚೊಲೋ ಬಂದಾವ. ಹೂವಿನ ಮ್ಯಾಗ ಕೆಟ್ಟದ್ದ ಬಿದ್ರ ಮುಗದ ಹೋತು."

ನಾನು ಒಂದೊಂದಾಗಿ ನೋಡಿದೆ. ನೋಂದಣಿ ಸಂಖ್ಯೆ ಸರಿ. ಪರವಾನಗಿ ಸಂಖ್ಯೆ ಸರಿ. ಬ್ಯಾಚ್ ಸಂಖ್ಯೆಯನ್ನು ಚುಕ್ಕಿಚುಕ್ಕಿಯಾಗಿ ಬೇರೆಯೇ ಒತ್ತಿದ್ದರು. ಅವಧಿ ಮುಗಿಯಲು ಇನ್ನೂ ತಿಂಗಳುಗಳಿದ್ದವು. ನೀಲಿ ತ್ರಿಕೋನ ಇರಬೇಕಾದ ಜಾಗದಲ್ಲೇ ಇತ್ತು. ಎಲ್ಲವೂ ಸರಿಯಾಗಿತ್ತು. "ಸರಿ ಇದೆ" ಎಂದು ಬರೆದು, ಪಕ್ಕದಲ್ಲಿ ಹೆಬ್ಬೆರಳಿನ ಚಿತ್ರವನ್ನು ಹಾಕಿ ಕಳುಹಿಸಿದೆ.

ಗುರುವಾರ ಬೆಳಿಗ್ಗೆ ಲಕ್ಷ್ಮೇಶ್ವರದ ಕಡೆಯಿಂದ ಒಂದು ಫೋಟೋ ಬಂತು. ಅದೇ ಔಷಧ, ಅದೇ ಬ್ಯಾಚ್. ಇದರಲ್ಲಿ ವಿಶೇಷವೇನೂ ಇಲ್ಲ. ಒಂದು ಬ್ಯಾಚಿನಲ್ಲಿ ಸಾವಿರಾರು ಬಾಟಲಿಗಳಿರುತ್ತವೆ. ಸ್ವಲ್ಪ ಹೊತ್ತಿಗೆ ಶಿರಹಟ್ಟಿಯಿಂದ ಇನ್ನೊಂದು ಬಂತು. ಆ ಫೋಟೋವನ್ನು ತೆಗೆದವರು ಬಾಟಲಿಯನ್ನು ಓರೆಯಾಗಿ ಹಿಡಿದಿದ್ದರು. ಬೆರಳಿನಿಂದ ಹಿಗ್ಗಿಸಿ ನೋಡುವಾಗ ಬಾಟಲಿಯ ಭುಜದ ಮೇಲೆ ನೀಲಿ ಗೀಟೊಂದು ಕಂಡಿತು. ಗೀಟಿನ ಪಕ್ಕದಲ್ಲಿ ಎರಡು ಅಕ್ಷರಗಳಿದ್ದವು. ಅವು ನನ್ನವು.

ಹಿಂದಿನ ವರ್ಷವಾಗಲಿ ಈ ವರ್ಷವಾಗಲಿ ನಾನು ಶಿರಹಟ್ಟಿಗೆ ಒಮ್ಮೆಯೂ ಹೋಗಿರಲಿಲ್ಲ.

ಲಕ್ಷ್ಮೇಶ್ವರದ ಫೋಟೋವನ್ನು ಹಿಗ್ಗಿಸಿದೆ, ಅಲ್ಲಿಯೂ ಇತ್ತು. ಸೋಮವಾರದ ಹರ್ತಿಯ ಫೋಟೋವನ್ನು ತೆರೆದೆ. ನಾನು ಸಂಖ್ಯೆಗಳನ್ನು ಓದುತ್ತಾ ಹೋಗಿದ್ದ ಅದೇ ಚಿತ್ರದ ಮೇಲ್ತುದಿಯಲ್ಲಿ, ನೆರಳಿನಲ್ಲಿ, ನನ್ನ ಗೀಟು, ನನ್ನ ಅಕ್ಷರ, ಹಿಂದಿನ ವರ್ಷದ ಒಂದು ದಿನಾಂಕ. ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಜನರು ಮಾತನಾಡುತ್ತಿದ್ದರು. ನನಗೆ ಮಾತ್ರ, ನಾನು ಕುಳಿತಿರುವಾಗಲೇ ನನ್ನಂಥ ಇನ್ನೊಬ್ಬನು ನನ್ನ ಪೆನ್ನನ್ನು ಜೇಬಿನಲ್ಲಿಟ್ಟುಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದಾನೆ ಎನ್ನಿಸಿತು. ಲಕ್ಷ್ಮೇಶ್ವರ, ಶಿರಹಟ್ಟಿಯವರಿಗೆ ಸಿಂಪಡಿಸಬೇಡಿರೆಂದು ಕೂಡಲೇ ತಿಳಿಸಿದೆ. ಅವರಿನ್ನೂ ಬಾಟಲಿ ತೆರೆದಿರಲಿಲ್ಲ. ಹರ್ತಿಯ ಮಹಿಳೆಗೆ ಫೋನ್ ಮಾಡಿದರೆ ಸ್ವಿಚ್ ಆಫ್ ಎಂದು ಬಂತು. ಗಾಡಿಯನ್ನು ಹತ್ತಿ ಹೊರಟೆ.

ಹೊಲ ಊರಿನಿಂದ ತುಸು ದೂರದಲ್ಲಿತ್ತು. ಆಕೆ ಬದುವಿನ ಮೇಲೆ ಕುಳಿತಿದ್ದರು. ಐವತ್ತರ ಆಸುಪಾಸಿನ ಹೆಂಗಸು. ಹೊಲದ ವ್ಯವಹಾರವೆಲ್ಲ ಅವರದೇ ಎಂದು ಹಿಂದಿನ ಮಾತುಕತೆಗಳಿಂದ ನನಗೆ ಗೊತ್ತಿತ್ತು.

"ಬರ್ರಿ, ಬರ್ರಿ. ಬರೇ ಹೆಬ್ಬಟ್ಟ ಕಳಸಾಂವ್ರು ಇವತ್ತ ಪೂರಾ ಮನಷ್ಯಾನ ಬಂದೀರಲ್ಲ!" ಎಂದು ನಕ್ಕರು.

"ಅಕ್ಕಾರ, ಔಷಧ ಹೊಡದ್ರೇನು?"

"ಅರ್ಧಾ ಹೊಡದೀವ್ರಿ, ಸೋಮವಾರ ಸಂಜೀಗೆ. ಪಂಪಿನ್ಯಾಂವ ಪಂಪ್ ಕೆಟ್ಟೈತಿ ಅಂತ ಓಡಿಹೋದಾಂವ ಇವತ್ತ ಬರಾಂವ ಅದಾನ. ಆಂವಗ ಕಾಯ್ಕೋತ ಕುಂತೀನಿ. ಮುಟುರು ರೋಗ ಜೋರಾಗೈತಿ, ಉಳದದ್ದರ ಜಲ್ದಿ ಹೊಡಸಬೇಕು."

ನಾನು ಹೊಲದ ಕಡೆ ನೋಡಿದೆ. ನುಸಿ ಬಿದ್ದಾಗ ಮೆಣಸಿನ ಎಲೆ ಮುಟುರುವುದನ್ನು ನಾವೆಲ್ಲ ಬಲ್ಲೆವು. ಇದು ಅದಾಗಿರಲಿಲ್ಲ. ಬದುವಿನಿಂದ ಹೊಲದ ನಡುವಿನವರೆಗೆ ಗಿಡಗಳ ಕಾಂಡವೇ ತಿರುಚಿಕೊಂಡು, ಕುಡಿಗಳು ಬಾಗಿ, ನೆಲಕ್ಕೆ ಕಿವಿಗೊಟ್ಟು ಏನನ್ನೋ ಆಲಿಸುತ್ತಿರುವಂತೆ ನಿಂತಿದ್ದವು. ಎಲೆಗಳು ಬೆರಳು ಮಡಿಚಿದ ಹಾಗೆ ಒಳಕ್ಕೆ ಸುತ್ತಿದ್ದವು. ನಡುವಿನಲ್ಲಿ, ಪಂಪು ನಿಂತ ಸಾಲಿನಲ್ಲಿ, ದಾರ ಹಿಡಿದು ಎಳೆದಂತೆ ಒಂದು ಗೆರೆ. ಆ ಗೆರೆಯ ಆಚೆಗೆ ಅದೇ ದಿನ ನಾಟಿಯಾದ, ಅದೇ ತಳಿಯ ಗಿಡಗಳು ನೆಟ್ಟಗೆ ನಿಂತು ಗಾಳಿಗೆ ತೂಗುತ್ತಿದ್ದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಗಾಳಿಯಿತ್ತು. ಆದರೂ ಗೆರೆಯ ಈಚೆಗಿನ ಗಿಡಗಳು ಮಿಸುಕುತ್ತಿಲ್ಲವೆಂದೇ ನನಗೆ ಕಂಡಿತು.

"ಉಳದದ್ದನ್ನ ಹೊಡೀಬ್ಯಾಡ್ರಿ" ಎಂದೆ.

"ಯಾಕ್ರಿ? ನೀವ ಅಲ್ಲೇನು ಸರಿ ಐತಿ ಅಂದಾಂವ್ರು?"

"ಇದು ರೋಗ ಅಲ್ಲರಿ ಅಕ್ಕಾರ. ಕಳೆನಾಶಕ ಬಿದ್ರ ಹಿಂಗ ಆಗ್ತೈತಿ."

ಆಕೆಯ ಮುಖದಲ್ಲಿದ್ದ ನಗು ಕೂಡಲೇ ಹೋಗಲಿಲ್ಲ. ಹೋಗಲು ದಾರಿ ತಿಳಿಯದೆ ಅಲ್ಲೇ ನಿಂತಿತ್ತು. ಎದ್ದು ಹೋಗಿ, ಗಿಡದ ಬುಡದಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಎರಡನೇ ಬಾಟಲಿಯನ್ನು ತಂದು ನನ್ನ ಕೈಗಿಟ್ಟರು. ಅದು ಇನ್ನೂ ತೆರೆಯದ ಬಾಟಲಿ. ಮುಚ್ಚಳದ ಕೆಳಗಿನ ಉಂಗುರ ಮುರಿದಿರಲಿಲ್ಲ. ಆದರೆ ಮುಚ್ಚಳದ ಬಿಳುಪು ಬೇರೆ, ಬಾಟಲಿಯ ಬಿಳುಪು ಬೇರೆ. ಕಂಪನಿಯ ಗುರುತು ಬಾಟಲಿಯ ತಳದಲ್ಲಿತ್ತು, ಮುಚ್ಚಳದ ಮೇಲಿರಲಿಲ್ಲ. ಹೊರಗಿನ ಡಬ್ಬಿ ಇರಲಿಲ್ಲ, ಜೊತೆಗಿರಬೇಕಾದ ಮಾಹಿತಿ ಹಾಳೆಯೂ ಇರಲಿಲ್ಲ. ಸೋಮವಾರ ನಾನು ಮುಚ್ಚಳದ ಫೋಟೋವನ್ನು ಕೇಳಿರಲಿಲ್ಲ. ಬಿಲ್ಲಿನ ಫೋಟೋವನ್ನೂ ಕೇಳಿರಲಿಲ್ಲ.

"ಬಿಲ್ ಐತೇನ್ರಿ?"

"ಎಲ್ಲೀದರಿ? ನಾ ಬಿಲ್ ಕೊಡಪಾ ಅಂದ್ರ ಅಂಗಡ್ಯಾಂವ, 'ಸಾಹೇಬ್ರ ಸಹಿ ಇದ್ದ ಮ್ಯಾಲ ಬಿಲ್ ಯಾಕ ಬೇಕವ್ವಾ' ಅಂದ. ಮೊದ್ಲ ಬ್ಯಾರೆ ಕಂಪನೀದು ಕೊಟ್ಟಿದ್ದ, ನಾ ಒಲ್ಲೆ ಅಂದೆ. ಆಮ್ಯಾಲ ಒಳಗ ಹೋಗಿ ಇದನ್ನ ತಂದು, 'ನೋಡ್ರಿ, ಸರಕಾರದಾವ್ರು ನೋಡಿ ಬಿಟ್ಟ ಮಾಲು' ಅಂದ. ನಾನರ ಸುಮ್ನ ಇದ್ದೆನೇನು? ಮತ್ತೂ ನಿಮಗ ಕಳಸಿ ಕೇಳೀನಿ."

ಆಕೆ ನನ್ನನ್ನು ಬೈಯಲಿಲ್ಲ.

ತೆರೆಯದ ಬಾಟಲಿಯನ್ನು ಹಾಗೆಯೇ ಜೋಪಾನವಾಗಿಡಲು, ಖಾಲಿ ಬಾಟಲಿಯನ್ನು ತೊಳೆಯದಿರಲು ತಿಳಿಸಿದೆ. ಕೃಷಿ ಅಧಿಕಾರಿಗಳಿಗೆ ಫೋನ್ ಮಾಡಿ ವಿಷಯವನ್ನು ನಿವೇದಿಸಿದೆ. ಅವರು, "ಮೊದಲು ನಿಮ್ಮ ಗುರುತು ಅಲ್ಲಿಗೆ ಹೆಂಗ ಬಂತು ಅಂತ ತಿಳ್ಕೊಂಡು ನಾಳೆ ಮುಂಜಾನೆ ನನಗೆ ಹೇಳ್ರಿ" ಎಂದರು. ಬಾಟಲಿಯ ಮೇಲಿದ್ದ ದಿನಾಂಕದಂದು ನಾನು ಎಲ್ಲಿದ್ದೆನೆಂದು ಹಿಂದಿನ ವರ್ಷದ ದಿನಚರಿಯಲ್ಲಿ ನೋಡಿದೆ. ಸಿಂಗಟಾಲೂರು.

ಅಂದೇ ಮಧ್ಯಾಹ್ನ ಅಲ್ಲಿಗೆ ಹೋದೆ. ಹೊಳೆಯ ದಂಡೆಯ ಹಾದಿಯಲ್ಲಿ ಆ ದಿನ ನನಗೆ ಬಾಟಲಿಗಳನ್ನು ತೋರಿಸಿದ್ದ ಹಿರಿಯ ರೈತರ ಮನೆಯಿತ್ತು. ಅವರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಬಹಳ ಸಂತೋಷಪಟ್ಟರು.

"ಕುಂಡ್ರು ತಮ್ಮಾ. ಗದಗಕ್ಕ ಹೋದಮ್ಯಾಲ ನಮ್ಮನ್ನ ಮರತ ಬಿಟ್ಟಿ. ಈಗಿನಾಂವ ಗೀಟು ಹಾಕಾಕ ಒಲ್ಲೆ ಅಂತಾನ."

"ಯಜ್ಜಾ, ಹೋದ ವರ್ಷ ನಾ ಗೀಟು ಹಾಕಿದ್ದ ಬಾಟ್ಲಿ ಖಾಲಿ ಆದಮ್ಯಾಲ ಏನ್ ಮಾಡಿದ್ರಿ?"

"ಏನ್ ಮಾಡೂದು? ಗುಜರಿಯಾಂವಗ ಹಾಕಿದ್ವಿ. ಹುಡುಕ್ಕೊಂಡ ಬರ್ತಿದ್ದ ಆಂವ. ಬ್ಯಾರೆ ಬಾಟ್ಲಿಗೆ ಒಂದೀಟು ಬಳ್ಳೊಳ್ಳಿ ಕೊಡ್ತಿದ್ದ. ನಿನ್ನ ಗೀಟು ಇದ್ದದ್ದಕ್ಕ ಪ್ಲಾಸ್ಟಿಕ್ ಬಕೀಟ!" ಅವರು ಬಾಗಿಲ ಕಡೆ ಕೈ ತೋರಿಸಿದರು. ನೀಲಿ ಬಕೀಟೊಂದು ನೀರು ತುಂಬಿಕೊಂಡು ಕುಳಿತಿತ್ತು. "ಏ, ನಮ್ಮ ಸಾಹೇಬನ ಸಹಿಗೆ ಎಷ್ಟ ಕಿಮ್ಮತ್ತು ಅಂತ ಓಣ್ಯಾಗೆಲ್ಲ ಹೇಳ್ಕೊಂಡ ಅಡ್ಡಾಡೀವಿ."

"ಖಾಲಿ ಬಾಟ್ಲಿಗೆ ತೂತ ಹಾಕ್ರಿ ಅಂತ ಹೇಳಿದ್ದೆನಲ್ಲ ಯಜ್ಜಾ?"

"ತೂತ ಇದ್ರ ಆಂವ ಒಲ್ಲೆ ಅಂತಿದ್ದ. ಚೀಟಿ ಹರೀಬಾರ್ದು, ಒರಸಬಾರ್ದು, ಅಂತಿದ್ದ. ಯಾಕಪಾ, ಏನಾತು?"

ಏನಾಯಿತೆಂದು ಹೇಳಿದೆ. ಹಗ್ಗ ಹೊಸೆಯುತ್ತಿದ್ದ ಅವರ ಕೈ ನಿಂತಿತು. "ಹಂಗಾರ ನಾವು ಇಲ್ಲಿ ಕುಂತು ಅಲ್ಲಿ ಹೊಲಾ ಸುಟ್ಟಂಗಾತಲ್ಲೋ" ಎಂದರು. ನಾನು ಹೊರಡುವಾಗ ಅವರು ಬಕೀಟಿನ ನೀರನ್ನು ಅಂಗಳಕ್ಕೆ ಚೆಲ್ಲುತ್ತಿದ್ದರು.

ಆಗ ನನಗೆ ಪೂರ್ಣವಾಗಿ ಅರ್ಥವಾಯಿತು. ಬಾಟಲಿ ಅಸಲಿ. ಲೇಬಲ್ ಅಸಲಿ. ಬ್ಯಾಚ್, ಪರವಾನಗಿ, ದಿನಾಂಕ, ತ್ರಿಕೋನ ಎಲ್ಲವೂ ಅಸಲಿ. ಒಳಗಿನದು ಮತ್ತು ಮುಚ್ಚಳ ಮಾತ್ರ ಬೇರೆ. ಸಾವಿರ ಖಾಲಿ ಬಾಟಲಿಗಳ ನಡುವೆ ಯಾವುದನ್ನು ಜನರು ಪ್ರಶ್ನೆ ಮಾಡದೆ ಕೊಳ್ಳುತ್ತಾರೆ ಎಂಬುದನ್ನು ನಾನೇ ನೀಲಿ ಪೆನ್ನಿನಲ್ಲಿ ಬರೆದು ಕೊಟ್ಟಿದ್ದೆ.

ಮರುದಿನ ಕೃಷಿ ಅಧಿಕಾರಿಗಳು, ಅಂದರೆ ಕೀಟನಾಶಕ ಪರಿವೀಕ್ಷಕರ ಅಧಿಕಾರವೂ ಇರುವ ಮೇಡಂ, ಪಂಚರೊಂದಿಗೆ, ಹರ್ತಿಯ ಮಹಿಳೆ ಔಷಧ ಕೊಂಡಿದ್ದ ಬೆಟಗೇರಿಯ ಅಂಗಡಿಗೆ ಹೋದರು. ನನ್ನನ್ನೂ ಹರ್ತಿಯ ಮಹಿಳೆಯನ್ನೂ ಕರೆದಿದ್ದರು. ದಾರಿಯಲ್ಲಿ ಮೇಡಂ ಆಕೆಗೆ ವಿಷಯವನ್ನು ಬಿಡಿಸಿ ಹೇಳಿದರು: ತೆರೆದ ಬಾಟಲಿಯಿಂದ ತೆಗೆದದ್ದು ಕಾನೂನಿನ ಮಾದರಿಯಾಗುವುದಿಲ್ಲ, ಬಿಲ್ ಇಲ್ಲದಿರುವುದರಿಂದ ಇಲ್ಲಿ ಕೊಂಡದ್ದೇ ಇಲ್ಲ ಎಂದು ಅಂಗಡಿಯವನು ಹೇಳಬಹುದು, ಅಂಗಡಿಯಲ್ಲೇ ಅಂಥ ಬಾಟಲಿಗಳು ಸಿಕ್ಕರೆ ಮಾತ್ರ ದೂರಿಗೆ ಬಲ.

ಅಂಗಡಿಯ ಗೋಡೆಯ ಮೇಲೆ ಪರವಾನಗಿ ಪತ್ರಕ್ಕೆ ಗಾಜು ಹಾಕಿಸಿ ತೂಗುಬಿಟ್ಟಿದ್ದರು. ಅವಧಿ ಚಾಲ್ತಿಯಲ್ಲಿತ್ತು. ಮಾಲೀಕ ಅತ್ಯಂತ ವಿನಯದಿಂದ ಕುರ್ಚಿ ಹಾಕಿಸಿದ. "ಈ ಅಕ್ಕಾರನ್ನ ನಾ ನೋಡೇ ಇಲ್ಲರಿ ಮೇಡಂ" ಎಂದ.

"ನೋಡಿಲ್ಲಾ? ಬಿಲ್ ಯಾಕ ಬೇಕವ್ವಾ ಅಂತ ಯಾರಿಗಂದಿ ಮತ್ತ, ನಿಮ್ಮವ್ವಗ ಅಂದ್ಯೇನು?" ಎಂದರು ಹರ್ತಿಯಾಕೆ.

ಹಿಂದಿನ ಕೋಣೆಯಲ್ಲಿ, ಗೊಬ್ಬರದ ಚೀಲಗಳ ಮರೆಯಲ್ಲಿ, ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮೇಡಂ ಅದರೊಳಗಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ನಿಲ್ಲಿಸಿದರು. ಹದಿನಾಲ್ಕು. ಹದಿನಾಲ್ಕರ ಭುಜದ ಮೇಲೂ ನನ್ನ ಗೀಟು, ನನ್ನ ಅಕ್ಷರ.

"ನಿಮ್ಮ ಗುರುತು ಯಾವುವು ಅಂತ ಹೇಳ್ರಿ. ಪಂಚನಾಮೆಯಲ್ಲಿ ಬರೀಬೇಕು" ಎಂದರು.

ನಾನು ಮಂಡಿಯೂರಿ ಕುಳಿತೆ. ಮೊದಲನೆಯದು ನನ್ನದೇ. ಎರಡನೆಯದೂ. ಮೂರನೆಯದರ ದಿನಾಂಕದಂದು ನಾನು ಜ್ವರದಿಂದ ಮನೆಯಲ್ಲಿ ಮಲಗಿದ್ದೆ. ರಜೆಯ ಅರ್ಜಿ ಕಡತದಲ್ಲಿದೆ. ಆದರೂ ಅಕ್ಷರ ನನ್ನದೇ ಆಗಿತ್ತು. ಎರಡನೆಯ ಅಕ್ಷರದ ಬಾಲವನ್ನು ನಾನು ಮೇಲಕ್ಕೆ ಎಳೆಯುತ್ತೇನೆ; ಅದೂ ಹಾಗೆಯೇ ಇತ್ತು. ಏಳನೆಯದರ ಮೇಲಿನ ದಿನಾಂಕ ಮುಂದಿನ ತಿಂಗಳಿನದು. ಇನ್ನೂ ಬಂದಿರದ ದಿನವೊಂದರಲ್ಲಿ ನಾನು ಆ ಬಾಟಲಿಯನ್ನು ನೋಡಿ, ಸರಿಯಿದೆ ಎಂದು ಒಪ್ಪಿದ್ದೆ. ಅಸಲಿ ಗುರುತಿನ ಬಾಟಲಿಗಳು ಸಾಲದೆ ಹೋದಾಗ ಯಾರೋ ಗುರುತನ್ನೂ ತಯಾರಿಸಲು ಆರಂಭಿಸಿದ್ದರು. ಮತ್ತೆ ಮೊದಲನೆಯದಕ್ಕೆ ಹಿಂದಿರುಗಿದೆ. ಈಗ ಅದೂ ನನ್ನದೆನ್ನಿಸಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನೋಡಿದೆ. ಹದಿನಾಲ್ಕೂ ನನ್ನನ್ನು ಗುರುತಿಸಿದಂತೆ ನಿಂತಿದ್ದವು. ನಾನು ಮಾತ್ರ ಅವುಗಳನ್ನು ಗುರುತಿಸಲಾರದೆ ಹೋದೆ.

ಅಂಗಡಿಯ ಮಾಲೀಕ ನನ್ನ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದ: "ಯಾವೂ ನನ್ನವಲ್ಲ ಅಂದ್ಬಿಡ್ರಿ ಸರ. ಮಾಲು ಒಳಗ ಹೆಂಗ ಐತೋ ನಮಗೇನ್ ಗೊತ್ತು? ನಿಮಗೂ ನೌಕರಿ ಐತಿ, ನಮಗೂ ಅಂಗಡಿ ಐತಿ."

ಹರ್ತಿಯ ಮಹಿಳೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿ ಸೆರಗಿನಲ್ಲಿ ಸುತ್ತಿದ ಆ ಎರಡನೇ ಬಾಟಲಿಯಿತ್ತು. ನಾನು ಯಾವುದೂ ನನ್ನದಲ್ಲವೆಂದರೆ, ಆಕೆಗೆ ಅಂಗಡಿಯವನು ನನ್ನ ಗುರುತನ್ನು ತೋರಿಸಿ ಮಾರಿದನೆಂಬ ಮಾತಿಗೆ ಆಧಾರವಿರುತ್ತಿರಲಿಲ್ಲ. ಆ ಹೊಲ ರೋಗದಿಂದ ಹೋಯಿತೆಂದು ಕಡತ ಮುಚ್ಚುತ್ತಿತ್ತು.

ನಾನು ಮೇಡಂ ಅವರಿಗೆ ಹೇಳಿದೆ: ಹೀಗೆ ಗುರುತು ಹಾಕುವ ರೂಢಿ ನನ್ನದು. ಯಾರ ಅನುಮತಿಯನ್ನೂ ಪಡೆದಿರಲಿಲ್ಲ. ಕನಿಷ್ಠ ಎರಡು ಗುರುತುಗಳು ನನ್ನವೇ, ಉಳಿದವನ್ನು ಖಚಿತಪಡಿಸಲು ನನಗೆ ಸಾಧ್ಯವಿಲ್ಲ. ಆ ದಿನ ಸಿಂಗಟಾಲೂರಿನಲ್ಲಿ ನಾನು ನೋಡಿದಾಗ ಬಾಟಲಿಗಳ ಮುಚ್ಚಳ ಇವಾಗಿರಲಿಲ್ಲ. ಹರ್ತಿಯವರಿಗೆ ಮುಚ್ಚಳ ಮತ್ತು ಬಿಲ್ ನೋಡದೆ ಸರಿ ಇದೆ ಎಂದು ಉತ್ತರಿಸಿದವನೂ ನಾನೇ.

"ಬರಕೊಡ್ತೀರೇನು? ಇದು ನಿಮ್ಮ ಗುತ್ತಿಗಿಗೆ ಕುತ್ತು ತರ್ತದ, ವಿಚಾರ ಮಾಡ್ರಿ" ಎಂದರು ಮೇಡಂ.

ಬರೆದುಕೊಟ್ಟೆ. ಮೇಡಂ ಒಂದೇ ಬ್ಯಾಚಿನ ಮೂರು ಬಾಟಲಿಗಳನ್ನು ಮಾದರಿಗೆ ತೆಗೆದು, ಅರಗಿನ ಮುದ್ರೆ ಒತ್ತಿ, ಒಂದನ್ನು ಅಂಗಡಿಯವನಿಗೆ ಕೊಟ್ಟರು. ಒಂದು ಪ್ರಯೋಗಾಲಯಕ್ಕೆ, ಒಂದು ನ್ಯಾಯಾಲಯಕ್ಕೆಂದು ಕಚೇರಿಯಲ್ಲಿ. ಉಳಿದವುಗಳ ಮಾರಾಟವನ್ನು ತಡೆದರು. ವಿಶ್ಲೇಷಣೆಯ ವರದಿ ನಾನು ಇದನ್ನು ಬರೆಯುವವರೆಗೆ ಬಂದಿಲ್ಲ. ನನಗೆ ಕಾರಣ ಕೇಳುವ ನೋಟಿಸು ಬಂದಿದೆ. ಉತ್ತರಿಸಿದ್ದೇನೆ.

ಹರ್ತಿಯ ಮಹಿಳೆ ತಿರುಚಿದ ಗಿಡಗಳನ್ನು ತಾವೇ ಕಿತ್ತರು. ಗೆರೆಯ ಆಚೆಗಿನ ಒಂದು ಎಕರೆ ಉಳಿಯಿತು. ಅದಕ್ಕೆ ಬಿಲ್ ಪಡೆದು ಬೇರೆ ಔಷಧ ಹೊಡೆದರು. ಖಾಲಿಯಾದ ನೆಲಕ್ಕೆ ಕಡಲೆ ಹಾಕಬೇಕೆಂದಿದ್ದರು. ಮಣ್ಣಿನಲ್ಲಿ ಕಳೆನಾಶಕದ ಅಂಶ ಉಳಿದಿದ್ದರೆ ಕಡಲೆಗೆ ಕೇಡು, ಜೋಳವಾದರೆ ತಡೆದುಕೊಳ್ಳುತ್ತದೆ ಎಂದು ಮೇಡಂ ಹೇಳಿದ್ದರಿಂದ ಬಿಳಿಜೋಳಕ್ಕೆ ಒಪ್ಪಿದರು.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಆಕೆ ಕಚೇರಿಗೆ ಬಂದರು. ಫೋಟೋ ಕಳುಹಿಸಿರಲಿಲ್ಲ, ಎರಡು ಬೀಜದ ಚೀಲಗಳನ್ನೇ ಬಸ್ಸಿನಲ್ಲಿ ತಂದಿದ್ದರು. ಒಂದು ತಮಗೆ, ಒಂದು ನಾದಿನಿಗೆ. ಬಿಲ್ಲನ್ನೂ ಹಿಡಿದಿದ್ದರು. ಹಿಂದಿನ ದಿನ ಪೇಟೆಯಲ್ಲಿ ಕೊಂಡದ್ದಂತೆ.

ನಾನು ಚೀಲಗಳಿಗೆ ಕೈ ಚಾಚಿದೆ. ಆಕೆ ಕೊಡಲಿಲ್ಲ.

"ನೀವು ಸರಿ ಐತಿ, ಇಲ್ಲ ಅಂತ ಹೇಳೂದು ಬ್ಯಾಡ್ರಿ. ಓದೂದು ಹೆಂಗ ಅಂತ ಹೇಳ್ರಿ. ನಾ ಓದ್ತೀನಿ. ನಾಕನೇತ್ತೆ ಕಲ್ತೀನಿ, ಅಂಕಿ ಬರ್ತಾವ."

ಹೇಳಿದೆ. ನೀಲಿ ಟ್ಯಾಗು ಪ್ರಮಾಣಿತ ಬೀಜದ್ದು. ತಳಿಯ ಹೆಸರು ಇಲ್ಲಿ. ಪರೀಕ್ಷೆಯ ದಿನಾಂಕ ಇಲ್ಲಿ, ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಅದರ ಕೆಳಗೆ. ಮೊಳಕೆಯ ಪ್ರಮಾಣ. ಇದು ಲಾಟ್ ಸಂಖ್ಯೆ. ಒಂದೇ ಲಾಟಿನ ಎಲ್ಲ ಚೀಲಗಳ ಮೇಲೂ ಒಂದೇ ಇರುತ್ತದೆ, ಬಿಲ್ಲಿನ ಮೇಲೂ ಇದೇ ಇರಬೇಕು. ಇದು ಟ್ಯಾಗ್ ಸಂಖ್ಯೆ; ಇದು ಚೀಲಕ್ಕೊಂದು, ಒಂದರದು ಇನ್ನೊಂದಕ್ಕೆ ಇರುವುದಿಲ್ಲ.

ಆಕೆ ಬೆರಳನ್ನಿಟ್ಟು ನಿಧಾನವಾಗಿ ಓದಿದರು. ದಿನಾಂಕ ಸರಿ. ಲಾಟ್ ಸಂಖ್ಯೆ ಎರಡರಲ್ಲೂ ಒಂದೇ, ಬಿಲ್ಲಿನಲ್ಲೂ ಅದೇ. ಹೊಲಿಗೆ ಯಂತ್ರದ್ದು, ಟ್ಯಾಗು ಹೊಲಿಗೆಯೊಳಗೇ ಸೇರಿತ್ತು. ನಾನು ಮೇಜಿನ ಈಚೆಯಿಂದಲೇ ನೋಡುತ್ತಾ, ಸರಿಯಾಗಿದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ಮುಂದಿನ ರೈತರ ಅರ್ಜಿಯನ್ನು ಎಳೆದುಕೊಂಡೆ.

ಆಕೆ ಮೊದಲ ಚೀಲದ ಟ್ಯಾಗ್ ಸಂಖ್ಯೆಯನ್ನು ಗಟ್ಟಿಯಾಗಿ, ಶಾಲೆಯಲ್ಲಿ ಮಗ್ಗಿ ಹೇಳುವಂತೆ, ಒಂದೊಂದೇ ಅಂಕಿಯಾಗಿ ಹೇಳಿದರು. ಎರಡನೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೂ ಹಾಗೆಯೇ ಹೇಳತೊಡಗಿದರು. ಆರನೆಯ ಅಂಕಿಯ ಹೊತ್ತಿಗೆ ನನ್ನ ಪೆನ್ನು ನಿಂತಿತು. ಆಕೆ ಕೊನೆಯ ಅಂಕಿಯವರೆಗೂ ಹೋದರು. ಬೆರಳನ್ನು ಮತ್ತೆ ಮೊದಲ ಚೀಲಕ್ಕೆ ತಂದು, ತುಟಿಯಲ್ಲೇ ಇನ್ನೊಮ್ಮೆ ಓದಿಕೊಂಡರು.

"ಎರಡಕ್ಕೂ ಒಂದ ನಂಬರ್ ಐತಲ್ರಿ" ಎಂದರು.

ನಾನು ಎದ್ದು ನೋಡಿದೆ. ಎರಡೂ ಟ್ಯಾಗುಗಳು, ಕೊನೆಯ ಅಂಕಿಯ ಅಂಚಿನ ಮಸಿಯ ಮಚ್ಚೆಯವರೆಗೆ, ಒಂದೇ ಆಗಿದ್ದವು.

ಆಕೆ ಆಗಲೇ ಬಿಲ್ಲನ್ನು ಮಡಿಚಿ ಕುಪ್ಪಸದೊಳಗಿಟ್ಟುಕೊಂಡು, ಎರಡೂ ಚೀಲಗಳನ್ನು ಕಂಕುಳಿಗೇರಿಸಿ, "ಮೇಡಮ್ಮಾರು ಯಾವ ಖೋಲ್ಯಾಗ ಅದಾರ?" ಎಂದು ಪಕ್ಕದವರನ್ನು ಕೇಳುತ್ತಿದ್ದರು.